ಹೊಸ ಪರದೆಯಲ್ಲಿ ಹಳೆಯ ಲೆಕ್ಕ: ಅಕ್ಷರ ಸಣ್ಣದಾದರೆ, ಮಸುಕಾದರೆ ಏನು ಮಾಡಬೇಕು?



ವಿಂಡೋಸ್ 10 ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಅದರ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳಲ್ಲಿ ಹಲವಕ್ಕೆ ವಿಂಡೋಸ್ 11 ಹಾಕಲು ಬರುವುದಿಲ್ಲ. ಈ ಕಾರಣದಿಂದ ಅನೇಕ ಕಚೇರಿಗಳಂತೆ ನಾವೂ ಶಿವಮೊಗ್ಗದ ಕಚೇರಿಗೆ ಮತ್ತು ಭದ್ರಾವತಿಯ ಶಾಖೆಗೆ ಹೊಸ ಲ್ಯಾಪ್‌ಟಾಪ್‌ಗಳನ್ನು ತರಿಸಿಕೊಂಡೆವು. ಯಂತ್ರ ಹೊಸದಾಯಿತು. ಆದರೆ ಅಡಿಕೆ ಆವಕದ ಲೆಕ್ಕ ಇಡುವ ಪ್ರೋಗ್ರಾಂ ಮಾತ್ರ ಹಳೆಯದೇ ಉಳಿಯಿತು. ಇವೆರಡಕ್ಕೂ ಹೊಂದಿಕೆಯಾಗದೆ ನಾವು ಪಟ್ಟ ಪಾಡನ್ನೂ, ಅದರಿಂದ ಹೊರಬಂದ ದಾರಿಯನ್ನೂ ಸದಸ್ಯರ ಗಮನಕ್ಕೆ ತರಬಯಸುತ್ತೇವೆ. ಮನೆಯಲ್ಲಿ ಮಕ್ಕಳು ತಂದಿಟ್ಟ ಹೊಸ ಲ್ಯಾಪ್‌ಟಾಪಿನಲ್ಲಿ ತೋಟದ ಲೆಕ್ಕ ಬರೆಯುವ ಸದಸ್ಯರಿಗೂ ಇದು ಉಪಯೋಗಕ್ಕೆ ಬಂದೀತು.

ಐವತ್ತು ಕಿಲೋ ಎಲ್ಲಿಗೆ ಹೋಯಿತು?

ಮೊದಲು ನಡೆದ ಸಂಗತಿ ಹೇಳುತ್ತೇವೆ. ಹೊಳೆಹೊನ್ನೂರು ಕಡೆಯ ಹಿರಿಯ ಸದಸ್ಯರೊಬ್ಬರು ಭದ್ರಾವತಿ ಶಾಖೆಗೆ ಆರು ಚೀಲ ರಾಶಿ ಅಡಿಕೆ ತಂದು ಹಾಕಿದ್ದರು. ತೂಕ 386 ಕಿಲೋ. ತೂಕದ ಚೀಟಿಯಲ್ಲಿ ಸರಿಯಾಗಿತ್ತು, ಪ್ರೋಗ್ರಾಮಿನಲ್ಲೂ ಸರಿಯಾಗಿಯೇ ದಾಖಲಾಗಿತ್ತು. ಆದರೆ ಪ್ರೋಗ್ರಾಮಿನ ಪರದೆ ನೋಡಿಕೊಂಡು ಪಾವತಿ ಪಟ್ಟಿ ತಯಾರಿಸುವಾಗ ನಮ್ಮ ಗುಮಾಸ್ತರು 336 ಎಂದು ಬರೆದುಬಿಟ್ಟರು. ಪಟ್ಟಿಯ ಪ್ರತಿ ನೋಡಿದ ಹಿರಿಯರು ನೇರ ನಮ್ಮ ಬಳಿಗೆ ಬಂದರು. "ಏನ್ರೀ ಕಾರ್ಯದರ್ಶಿಗಳೇ, ನಮ್ಮ ಅಡಿಕೆ ನಿಮ್ಮ ಗೋದಾಮಿನಲ್ಲಿ ಇನ್ನೊಂದು ಸಲ ಒಣಗಿತೇನು?" ಎಂದು ಕೇಳಿದರು.

ಅವರು ನಗುತ್ತಲೇ ಕೇಳಿದರೂ ನಮಗೆ ನಗು ಬರಲಿಲ್ಲ. ಆರು ಚೀಲಕ್ಕೆ 336 ಕಿಲೋ ಎಂದರೆ ಚೀಲಕ್ಕೆ 56 ಕಿಲೋ ಆಗುತ್ತದೆ. 64ರ ಆಸುಪಾಸಿನಲ್ಲಿ ತುಂಬುವ ಚೀಲಗಳಿಗೆ ಇದು ಹೊಂದುವ ಲೆಕ್ಕವಲ್ಲ. ಹಣ ಇನ್ನೂ ಬ್ಯಾಂಕಿಗೆ ಹೋಗಿರಲಿಲ್ಲವಾದ್ದರಿಂದ ಅದೇ ಸಂಜೆ ಪಟ್ಟಿ ತಿದ್ದಿದೆವು. ಅರ್ಧ ಕ್ವಿಂಟಾಲ್ ರಾಶಿಯ ಬೆಲೆ ಸಣ್ಣ ತೋಟದವರಿಗೆ ಎಷ್ಟು ದೊಡ್ಡದೆಂದು ಸದಸ್ಯರಿಗೆ ನಾವು ಹೇಳಬೇಕಾಗಿಲ್ಲ.

ಗುಮಾಸ್ತರನ್ನು ಕೇಳಿದಾಗ ಅವರು, "ಸಾರ್, ನೀವೇ ಬಂದು ಓದಿ ನೋಡಿ" ಎಂದರು. ನೋಡಿದೆವು. ಪರದೆಯ ಮೇಲಿನ ಅಂಕಿಗಳು ಮಂಜು ಕವಿದ ಗಾಜಿನ ಹಿಂದೆ ಇದ್ದಂತಿದ್ದವು. 8 ಯಾವುದು, 3 ಯಾವುದು ಎಂದು ನಿಶ್ಚಯಿಸಲು ಕಣ್ಣು ಕಿರಿದು ಮಾಡಬೇಕಿತ್ತು. ಕನ್ನಡದ ಪಾಡು ಇನ್ನೂ ಕಷ್ಟ. 'ಬೆಟ್ಟೆ' ಎಂಬಲ್ಲಿ ಟಕಾರದ ಒತ್ತು ಒಂದು ಕಲೆಯಂತೆ ಕಾಣುತ್ತಿತ್ತು. ದ ಮತ್ತು ಧ, ಪ ಮತ್ತು ಫ ಅಕ್ಷರಗಳ ನಡುವೆ ಇರುವ ವ್ಯತ್ಯಾಸ ಒಂದು ಸಣ್ಣ ಸೀಳು ಮಾತ್ರ. ಮಸುಕಿನಲ್ಲಿ ಮೊದಲು ಅಳಿಸಿಹೋಗುವುದು ಅದೇ.

ವಿಚಿತ್ರವೆಂದರೆ, ಅದೇ ಪರದೆಯ ಕೆಳಮೂಲೆಯಲ್ಲಿದ್ದ ಗಡಿಯಾರದ ಅಂಕಿಗಳು ಅಚ್ಚು ಹಾಕಿದಂತೆ ಸ್ಪಷ್ಟವಾಗಿದ್ದವು. ಹಾಗಾದರೆ ದೋಷ ಕಣ್ಣಿನದಲ್ಲ, ಪರದೆಯದೂ ಅಲ್ಲ. ಮತ್ತೆ ಯಾವುದರದು?

ಗಿಡ ಎಣಿಸಿ ಬೇಲಿ ಹಾಕುವ ಲೆಕ್ಕ

ಪರದೆಯ ಮೇಲೆ ಕಾಣುವ ಎಲ್ಲವೂ ಸಣ್ಣ ಸಣ್ಣ ಚುಕ್ಕಿಗಳಿಂದ ಆದದ್ದು. ಇವಕ್ಕೆ ಪಿಕ್ಸೆಲ್ ಎನ್ನುತ್ತಾರೆ. ಈ ಚುಕ್ಕಿಗಳು ಎಲ್ಲ ಪರದೆಗಳಲ್ಲೂ ಒಂದೇ ಗಾತ್ರದವಲ್ಲ. ಭದ್ರಾವತಿಯಲ್ಲಿ ಮೊದಲಿದ್ದ ಹದಿನೆಂಟೂವರೆ ಅಂಗುಲದ ಪರದೆಯಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿಗಳಿದ್ದವು. ಅಂಗುಲಕ್ಕೆ ಸುಮಾರು 85 ಚುಕ್ಕಿ ಬಿತ್ತು. ಹೊಸ ಲ್ಯಾಪ್‌ಟಾಪಿನ ಪರದೆ ಹದಿನಾಲ್ಕೇ ಅಂಗುಲ, ಆದರೆ ಚುಕ್ಕಿಗಳು 2880 ಮತ್ತು 1800. ಅಂಗುಲಕ್ಕೆ ಸುಮಾರು 243. ಅಂದರೆ ಹೊಸ ಚುಕ್ಕಿಯ ಅಗಲ ಹಳೆಯದರ ಮೂರನೇ ಒಂದು ಪಾಲಿನಷ್ಟು.

ಈಗ ತೋಟದ ಮಾತಿಗೆ ಬರೋಣ. ಆಳಿಗೆ "ಹತ್ತು ಅಂತರದಷ್ಟು ಉದ್ದ ಬೇಲಿ ಹಾಕು" ಎಂದು ಹೇಳಿದಿರೆನ್ನಿ. ಹತ್ತಡಿಗೆ ಒಂದರಂತೆ ನೆಟ್ಟ ರೋಬಸ್ಟಾ ತೋಟದಲ್ಲಿ ಅದು ನೂರಡಿ ಬೇಲಿಯಾಗುತ್ತದೆ. ಆರಡಿಗೆ ಒಂದರಂತೆ ನೆಟ್ಟ ಅರೇಬಿಕಾ ತೋಟದಲ್ಲಿ ಅದೇ ಮಾತು ಅರವತ್ತೇ ಅಡಿಗೆ ನಿಲ್ಲುತ್ತದೆ. ಆಳು ಹೇಳಿದಂತೆಯೇ ಮಾಡಿದ್ದಾನೆ. ಅಡಿಯಲ್ಲಿ ಹೇಳದೆ ಗಿಡದ ಅಂತರದಲ್ಲಿ ಹೇಳಿದ್ದು ನಮ್ಮ ತಪ್ಪು.

ಹಳೆಯ ಪ್ರೋಗ್ರಾಂ ಬರೆದವರೂ ಹೀಗೆಯೇ ಹೇಳಿದ್ದಾರೆ. "ಒಂದು ಸಾಲನ್ನು 16 ಚುಕ್ಕಿ ಎತ್ತರಕ್ಕೆ ಬರೆ" ಎಂಬುದು ಅವರ ಅಪ್ಪಣೆ. ಆ ಕಾಲದಲ್ಲಿ ವಿಂಡೋಸ್ ಅಂಗುಲಕ್ಕೆ 96 ಚುಕ್ಕಿ ಎಂದು ಗೊತ್ತುಮಾಡಿಕೊಂಡಿತ್ತು. ಮಾರುಕಟ್ಟೆಯ ಪರದೆಗಳೂ ಅದರ ಆಸುಪಾಸಿನಲ್ಲೇ ಇದ್ದವು. ನಮ್ಮ ಹಳೆಯ ಪರದೆಯಲ್ಲಿ ಆ 16 ಚುಕ್ಕಿ ಹೆಚ್ಚುಕಡಿಮೆ 4.8 ಮಿಲಿಮೀಟರ್ ಆಗುತ್ತಿತ್ತು, ಓದಲು ತೊಂದರೆಯಿರಲಿಲ್ಲ. ಹೊಸ ಪರದೆಯಲ್ಲಿ ಅದೇ 16 ಚುಕ್ಕಿ 1.7 ಮಿಲಿಮೀಟರಿಗೆ ಇಳಿಯುತ್ತದೆ. ಒತ್ತಕ್ಷರವೂ ಈ ಎತ್ತರದಲ್ಲೇ ಸೇರಬೇಕಾದ್ದರಿಂದ ಅದಕ್ಕೆ ಸಿಗುವುದು ನಾಲ್ಕೈದು ಚುಕ್ಕಿ. ಅದು ಇರುವೆಯ ಕಾಲಿನಂತೆ ಕಾಣಿಸಿದರೆ ಆಶ್ಚರ್ಯವಿಲ್ಲ.

ಈ ಕಷ್ಟ ಬರುವುದೆಂದು ವಿಂಡೋಸ್ ಮಾಡಿದವರಿಗೂ ಗೊತ್ತಿತ್ತು. ಆದ್ದರಿಂದ ಅವರು ಒಂದು ಗುಣಕವನ್ನು ಇಟ್ಟಿದ್ದಾರೆ. ಅದರ ಹೆಸರು `Scale`. ಗುಣಕ 200% ಎಂದರೆ ಪ್ರತಿಯೊಂದನ್ನೂ ಅಡ್ಡಕ್ಕೂ ಉದ್ದಕ್ಕೂ ಎರಡು ಪಟ್ಟು ಚುಕ್ಕಿಗಳಲ್ಲಿ ಬರೆ ಎಂದು ಅರ್ಥ. ಹೊಸ ಕಾಲದ ಪ್ರೋಗ್ರಾಂ ಈ ಗುಣಕವನ್ನು ಕೇಳಿ ತಿಳಿದುಕೊಂಡು, ಅಕ್ಷರವನ್ನು ಮೊದಲಿನಿಂದಲೇ 32 ಚುಕ್ಕಿಯಲ್ಲಿ ಬರೆಯುತ್ತದೆ. ಗಡಿಯಾರದ ಅಂಕಿ ಸ್ಪಷ್ಟವಾಗಿ ಕಂಡದ್ದು ಇದರಿಂದ. ಹಳೆಯ ಪ್ರೋಗ್ರಾಂ ಗುಣಕದ ಗೊಡವೆಗೇ ಹೋಗುವುದಿಲ್ಲ, ತನ್ನ 16 ಚುಕ್ಕಿಯಲ್ಲೇ ಬರೆದು ಕೊಡುತ್ತದೆ. ಆಗ ವಿಂಡೋಸ್ ಆ ಬರೆದ ಚಿತ್ರವನ್ನು ಹಿಡಿದು ಎರಡು ಪಟ್ಟು ಎಳೆದು ಹಿಗ್ಗಿಸುತ್ತದೆ. 2007ರಲ್ಲಿ ಬಂದ ವಿಂಡೋಸ್ ವಿಸ್ಟಾದಿಂದ ಈ ಏರ್ಪಾಡು ಇದೆ. ಸಣ್ಣ ಫೋಟೋವನ್ನು ದೊಡ್ಡದು ಮಾಡಿಸಿದರೆ ಮುಖ ಹೇಗೆ ಮಸುಕಾಗುವುದೋ ಹಾಗೆಯೇ ಇಲ್ಲೂ ಆಗುತ್ತದೆ. ಗಾತ್ರ ಬಂತು, ಅಂಚು ಹೋಯಿತು.

ಸಣ್ಣದಾಗಿ ಕಾಣುವುದೂ ಮಸುಕಾಗಿ ಕಾಣುವುದೂ ಒಂದೇ ಬೇರಿನಿಂದ ಹೊರಟ ಎರಡು ಕೊಂಬೆಗಳೆಂದು ಇದರಿಂದ ತಿಳಿಯುತ್ತದೆ. ಹಿಗ್ಗಿಸದಿದ್ದರೆ ಸಣ್ಣದು, ಹಿಗ್ಗಿಸಿದರೆ ಮಸುಕು.

ಮೊದಲು ರೋಗ ಯಾವುದೆಂದು ನೋಡಿ

ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಬೇರುಹುಳಕ್ಕೆ ಹೊಡೆದರೆ ಪ್ರಯೋಜನವಿಲ್ಲ. ಇಲ್ಲಿಯೂ ಮದ್ದಿಗೆ ಮೊದಲು ಲಕ್ಷಣ ನೋಡಬೇಕು. ಅದಕ್ಕೆ ಬೇಕಾದದ್ದು ಒಂದೇ ಹೋಲಿಕೆ. ತೊಂದರೆ ಕೊಡುವ ಪ್ರೋಗ್ರಾಮನ್ನು ತೆರೆದು, ಅದರ ಅಕ್ಷರವನ್ನು ಪರದೆಯ ಕೆಳಗಿನ ಪಟ್ಟಿಯಲ್ಲಿರುವ ಗಡಿಯಾರದ ಅಂಕಿಯೊಡನೆ ಹೋಲಿಸಿ.

ಎಲ್ಲವೂ, ಗಡಿಯಾರ ಸಹಿತ, ಸಣ್ಣದಾಗಿ ಆದರೆ ಸ್ಪಷ್ಟವಾಗಿ ಇದ್ದರೆ ಗುಣಕ ಕಡಿಮೆಯಾಗಿದೆ ಎಂದು ತಿಳಿಯಿರಿ. ಎಲ್ಲವೂ, ಗಡಿಯಾರ ಸಹಿತ, ಮಸುಕಾಗಿದ್ದರೆ ಯಾರೋ ಪರದೆಯ ಚುಕ್ಕಿಗಳ ಸಂಖ್ಯೆಯನ್ನೇ ಇಳಿಸಿದ್ದಾರೆ. ಗಡಿಯಾರ ಸ್ಪಷ್ಟವಾಗಿದ್ದು ಒಂದು ಪ್ರೋಗ್ರಾಂ ಮಾತ್ರ ಮಸುಕಾಗಿದ್ದರೆ ಅದು ಹಿಗ್ಗಿಸಿದ ಹಳೆಯ ಪ್ರೋಗ್ರಾಂ. ಗಡಿಯಾರ ಸರಿಯಾದ ಗಾತ್ರದಲ್ಲಿದ್ದು ಒಂದು ಪ್ರೋಗ್ರಾಂ ಮಾತ್ರ ಇರುವೆಯಷ್ಟಾಗಿದ್ದರೆ, "ಗುಣಕವನ್ನು ನಾನೇ ನೋಡಿಕೊಳ್ಳುತ್ತೇನೆ" ಎಂದು ವಿಂಡೋಸಿಗೆ ಹೇಳಿ, ಆಮೇಲೆ ನೋಡಿಕೊಳ್ಳದ ಪ್ರೋಗ್ರಾಂ ಅದು.

ಸಂಶಯ ಉಳಿದರೆ ಇನ್ನೊಂದು ಪರೀಕ್ಷೆ ಇದೆ. ಕೀಲಿಮಣೆಯ `Print Screen` ಒತ್ತಿ ಪರದೆಯ ಚಿತ್ರ ತೆಗೆದು, ಬೇರೆ ಕಂಪ್ಯೂಟರಿನಲ್ಲಿ ಅದರ ನಿಜ ಗಾತ್ರದಲ್ಲಿ ತೆರೆದು ನೋಡಿ. ಚಿತ್ರದಲ್ಲೂ ಅಕ್ಷರ ಮಸುಕಾಗಿದ್ದರೆ ಮಸುಕು ಉಂಟಾದದ್ದು ಪ್ರೋಗ್ರಾಮನ್ನು ಹಿಗ್ಗಿಸುವಾಗ. ಚಿತ್ರ ಸ್ಪಷ್ಟವಾಗಿದ್ದರೆ ಪ್ರೋಗ್ರಾಮಿನದೇನೂ ತಪ್ಪಿಲ್ಲ, ಪರದೆಯ ಹೊಂದಾಣಿಕೆಯನ್ನು ನೋಡಬೇಕು.

ಹಳೆಯ ಕನ್ನಡ ಕಡತ ತೆರೆದಾಗ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ಈ ರೋಗವೇ ಅಲ್ಲ. ಯೂನಿಕೋಡ್ ಬರುವ ಮೊದಲಿನ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಬರೆದ ಕಡತಕ್ಕೆ ಆ ಅಕ್ಷರಶೈಲಿ ಹೊಸ ಯಂತ್ರದಲ್ಲಿ ಸಿಗುತ್ತಿಲ್ಲವೆಂದು ಅರ್ಥ. ಗುಣಕವನ್ನು ಎಷ್ಟು ತಿರುಗಿಸಿದರೂ ಅದು ಸರಿಹೋಗುವುದಿಲ್ಲ.

ನಾವು ಮಾಡಿದ ತಪ್ಪು ಮದ್ದು

ಭದ್ರಾವತಿಯಲ್ಲಿ ಮೊದಲು ನಡೆದದ್ದು ತಪ್ಪು ಮದ್ದೇ. ಯಂತ್ರ ಬಂದ ದಿನ ಅಕ್ಷರ ಮಸುಕಾಗಿದೆಯೆಂದು, ಬಲ್ಲವರೆನಿಸಿಕೊಂಡ ಒಬ್ಬರು ಚುಕ್ಕಿಗಳ ಸಂಖ್ಯೆಯನ್ನೇ ಹಳೆಯ 1366 ಮತ್ತು 768ಕ್ಕೆ ಇಳಿಸಿಕೊಟ್ಟರು. ಅಕ್ಷರ ದೊಡ್ಡದಾಯಿತು, ಸಂತೋಷವೂ ಆಯಿತು. ಸ್ವಲ್ಪ ಹೊತ್ತಿನಲ್ಲೇ ಗಡಿಯಾರವೂ, ಪತ್ರ ಬರೆಯುವ ಪ್ರೋಗ್ರಾಮೂ, ಎಲ್ಲವೂ ಮಸುಕಾಗಿರುವುದು ಕಣ್ಣಿಗೆ ಬಿತ್ತು.

ಕಾರಣ ಸರಳ. ಪರದೆಯಲ್ಲಿ ಅಡ್ಡಕ್ಕೆ 2880 ಚುಕ್ಕಿಗಳು ಗಟ್ಟಿಯಾಗಿ ನೆಟ್ಟಿವೆ, ಅವನ್ನು ಕೀಳಲು ಬರುವುದಿಲ್ಲ. 1366 ಚುಕ್ಕಿಯ ಚಿತ್ರ ಕಳುಹಿಸಿದರೆ ಒಂದೊಂದನ್ನು ಎರಡು ಚಿಲ್ಲರೆ ಚುಕ್ಕಿಗಳ ಮೇಲೆ ಹರಡಬೇಕಾಗುತ್ತದೆ. ಚಿಲ್ಲರೆ ಭಾಗ ಪಕ್ಕದ ಚುಕ್ಕಿಗೆ ಸೋರಿ ಅಂಚು ಕೆಡುತ್ತದೆ. ಮೊದಲು ಒಂದು ಪ್ರೋಗ್ರಾಮಿಗೆ ಇದ್ದ ರೋಗವನ್ನು ನಾವು ಇಡೀ ಪರದೆಗೆ ಹಬ್ಬಿಸಿದಂತಾಯಿತು.

ಆದ್ದರಿಂದ ಮೊದಲ ನಿಯಮ ಹೀಗಿದೆ. `Display resolution` ಎಂಬಲ್ಲಿ ಯಾವುದರ ಎದುರು `(Recommended)` ಎಂದು ಬರೆದಿದೆಯೋ ಅದನ್ನೇ ಇಟ್ಟು, ಮತ್ತೆ ಅದನ್ನು ಮುಟ್ಟಬಾರದು. ಗಾತ್ರ ಬದಲಾಯಿಸಬೇಕಾದದ್ದು `Scale` ಎಂಬಲ್ಲಿ ಮಾತ್ರ.

ಗುಣಕವನ್ನು ಗೊತ್ತುಮಾಡುವ ಬಗೆ

ಪರದೆಯ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ `Display settings` ಆರಿಸಿ. ತೆರೆಯುವ ಪುಟದಲ್ಲಿ `Scale` ಇದೆ. ಅಲ್ಲಿ 100, 125, 150, 175 ಹೀಗೆ ಗುಣಕಗಳು ಸಿಗುತ್ತವೆ. ಒಂದರ ಎದುರು `(Recommended)` ಎಂದಿರುತ್ತದೆ. ನಮ್ಮ ಯಂತ್ರದಲ್ಲಿ ಅದು 200% ಇತ್ತು. ಆರಿಸಿದ ಮೇಲೆ ಯಂತ್ರದಿಂದ ಒಮ್ಮೆ ಹೊರಬಂದು, ಅಂದರೆ `Sign out` ಮಾಡಿ, ಮತ್ತೆ ಒಳಗೆ ಹೋಗುವುದು ಒಳ್ಳೆಯದು. ತೆರೆದೇ ಇದ್ದ ಪ್ರೋಗ್ರಾಂಗಳಲ್ಲಿ ಹಲವು ಹಳೆಯ ಗುಣಕವನ್ನೇ ಹಿಡಿದುಕೊಂಡಿರುತ್ತವೆ.

ದೊಡ್ಡದಿದ್ದಷ್ಟೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ನಮ್ಮ ಗುಮಾಸ್ತರಿಗೂ ಹಾಗೆಯೇ ಅನಿಸಿ 250% ಇಟ್ಟರು. ಅಕ್ಷರವೇನೋ ಚೆನ್ನಾಗಿ ದೊಡ್ಡದಾಯಿತು. ಆದರೆ ಆವಕ ದಾಖಲೆಯ ಪುಟದ ತಳದಲ್ಲಿದ್ದ `Save` ಗುಂಡಿಯೇ ಕಾಣೆಯಾಯಿತು. ಎಲ್ಲವನ್ನೂ ತುಂಬಿಸಿ ಉಳಿಸಲು ದಾರಿಯಿಲ್ಲದೆ ಕೂರಬೇಕಾಯಿತು.

ಇದಕ್ಕೊಂದು ಭಾಗಾಕಾರದ ಲೆಕ್ಕವಿದೆ. ಪರದೆಯ ಎತ್ತರ 1800 ಚುಕ್ಕಿ. ಗುಣಕ 250% ಎಂದರೆ ಎರಡೂವರೆ ಪಟ್ಟು. 1800ನ್ನು ಎರಡೂವರೆಯಿಂದ ಭಾಗಿಸಿದರೆ 720. ಅದರಲ್ಲಿ ಕೆಳಗಿನ ಪಟ್ಟಿಗೆ 48 ಹೋಗಿ ಪ್ರೋಗ್ರಾಮಿಗೆ ಉಳಿಯುವುದು 672. ನಮ್ಮ ಆವಕದ ಪುಟವನ್ನು 700 ಚುಕ್ಕಿ ಎತ್ತರಕ್ಕೆ ಕಟ್ಟಿದ್ದರು, ಅದನ್ನು ಎಳೆದು ಕಿರಿದು ಮಾಡಲು ಬರುತ್ತಿರಲಿಲ್ಲ. ಕಡಿಮೆ ಬಿದ್ದ 28 ಚುಕ್ಕಿಯಲ್ಲೇ ಗುಂಡಿ ಅಡಗಿತ್ತು. ಅದೇ 200% ಇಟ್ಟರೆ 1800ರ ಅರ್ಧ 900, ಪಟ್ಟಿಗೆ 48 ಕಳೆದು 852. ಪುಟ ಧಾರಾಳವಾಗಿ ಹಿಡಿಸುತ್ತದೆ. ಅಕ್ಷರದ ಸಾಲೂ 3.4 ಮಿಲಿಮೀಟರ್ ಸಿಗುತ್ತದೆ. ಲ್ಯಾಪ್‌ಟಾಪನ್ನು ಹಳೆಯ ಪರದೆಗಿಂತ ಹತ್ತಿರ ಇಟ್ಟುಕೊಳ್ಳುವುದರಿಂದ ಅಷ್ಟು ಸಾಕಾಯಿತು.

ಸದಸ್ಯರ ಮನೆಯಲ್ಲೂ ಪ್ರೋಗ್ರಾಮಿನ ತಳಭಾಗ ಕತ್ತರಿಸಿದಂತೆ ಕಂಡರೆ ಗುಣಕವನ್ನು ಒಂದು ಮೆಟ್ಟಿಲು ಇಳಿಸಿ ನೋಡಬೇಕು.

ಒಂದೇ ಪ್ರೋಗ್ರಾಂ ಮಸುಕಾಗಿದ್ದರೆ

ಗುಣಕ 200%ಕ್ಕೆ ನಿಂತಿತು. ಗಡಿಯಾರ ಸ್ಪಷ್ಟವಾಯಿತು, ಆವಕದ ಪ್ರೋಗ್ರಾಂ ಮಾತ್ರ ಮಸುಕಾಗಿಯೇ ಉಳಿಯಿತು. ಇಲ್ಲಿ ಬೇಕಾದದ್ದು ಆ ಒಂದು ಪ್ರೋಗ್ರಾಮಿಗೆ ಸೀಮಿತವಾದ ಮದ್ದು.

ಪ್ರೋಗ್ರಾಮನ್ನು ಪೂರ್ತಿ ಮುಚ್ಚಿ. ಅದರ ಚಿತ್ರದ ಮೇಲೆ ಬಲಗುಂಡಿ ಒತ್ತಿ `Properties` ತೆರೆಯಿರಿ. ಮೇಲಿನ ಸಾಲಿನಲ್ಲಿ `Compatibility` ಆರಿಸಿ, ಅಲ್ಲಿರುವ `Change high DPI settings` ಒತ್ತಿ. ಹೊಸದಾಗಿ ತೆರೆಯುವ ಪೆಟ್ಟಿಗೆಯ ತಳದಲ್ಲಿ `Override high DPI scaling behavior` ಎಂಬ ಚೌಕವಿದೆ. ಅದಕ್ಕೆ ಗುರುತು ಹಾಕಿದರೆ ಕೆಳಗೆ ಮೂರು ಆಯ್ಕೆಗಳು ತೆರೆದುಕೊಳ್ಳುತ್ತವೆ. ಮೂರರ ಅರ್ಥವನ್ನೂ ತಿಳಿದುಕೊಂಡರೆ ಕುರುಡು ಪ್ರಯೋಗ ಮಾಡಬೇಕಾಗಿಲ್ಲ.

ಮೊದಲನೆಯದು `Application`. "ಹಿಗ್ಗಿಸುವ ಗೊಡವೆ ಬೇಡ, ಪ್ರೋಗ್ರಾಂ ಬರೆದ ಹಾಗೆಯೇ ತೋರಿಸು" ಎಂದು ಇದರ ಅರ್ಥ. ಮಸುಕು ತಕ್ಷಣ ಹೋಗುತ್ತದೆ. ಆದರೆ ಹಳೆಯ ಪ್ರೋಗ್ರಾಮಾದರೆ ಅಕ್ಷರ ಮತ್ತೆ 1.7 ಮಿಲಿಮೀಟರಿಗೆ ಇಳಿಯುತ್ತದೆ. ಮಸುಕಿನಿಂದ ಪಾರಾಗಿ ಸಣ್ಣದಕ್ಕೆ ಸಿಕ್ಕಿಬಿದ್ದಂತೆ. ನಮ್ಮಲ್ಲಿ ಹೀಗೆಯೇ ಆಯಿತು. ಪ್ರೋಗ್ರಾಮಿನ ಒಳಗೇ ಅಕ್ಷರದ ಗಾತ್ರ ಹೆಚ್ಚಿಸಲು ಅವಕಾಶವಿದ್ದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ.

ಎರಡನೆಯದು `System`. "ನೀನೇ ಹಿಗ್ಗಿಸು" ಎಂದು ವಿಂಡೋಸಿಗೆ ಹೇಳಿದಂತೆ. ಇರುವೆಯಷ್ಟು ಸಣ್ಣದಾಗಿ ಕಾಣುವ ಪ್ರೋಗ್ರಾಮಿಗೆ ಇದು ತಕ್ಕ ಮದ್ದು. ಸ್ವಲ್ಪ ಮಸುಕು ಬಂದರೂ ಗಾತ್ರ ಬರುತ್ತದೆ.

ಮೂರನೆಯದು `System (Enhanced)`. ಇದು 2017ರಲ್ಲಿ ವಿಂಡೋಸ್ 10ರ ಜೊತೆಗೆ ಬಂದದ್ದು, ವಿಂಡೋಸ್ 11ರಲ್ಲೂ ಇದೆ. ಪ್ರೋಗ್ರಾಂ ಬರೆದು ಮುಗಿಸಿದ ಚಿತ್ರವನ್ನು ಎಳೆಯುವ ಬದಲು, ಅದು ಅಕ್ಷರ ಮತ್ತು ಗೆರೆ ಬರೆಯಲು ಕೊಡುವ ಅಪ್ಪಣೆಯನ್ನೇ ನಡುವೆ ಹಿಡಿದು, "16 ಎಂದೆಯಾ? 32ರಲ್ಲಿ ಬರೆಯುತ್ತೇನೆ" ಎಂದು ವಿಂಡೋಸ್ ತಾನೇ ದೊಡ್ಡದಾಗಿ ಬರೆಯುತ್ತದೆ. ಆಗ ಗಾತ್ರವೂ ಸಿಗುತ್ತದೆ, ಅಂಚೂ ಉಳಿಯುತ್ತದೆ. ನಮ್ಮ ಆವಕದ ಪ್ರೋಗ್ರಾಮಿಗೆ ಇದನ್ನು ಆರಿಸಿ, `OK` ಒತ್ತಿ, ಮತ್ತೆ `OK` ಒತ್ತಿ, ಪ್ರೋಗ್ರಾಮನ್ನು ಹೊಸದಾಗಿ ತೆರೆದಾಗ 386 ಎಂಬುದು 386 ಎಂದೇ ಓದಲು ಬಂತು. 'ಬೆಟ್ಟೆ'ಯ ಒತ್ತೂ ಬಿಡಿಸಿ ಕಂಡಿತು.

ಈ ಮೂರನೆಯದಕ್ಕೂ ಮಿತಿಯುಂಟು. ವಿಂಡೋಸಿನ ಹಳೆಯ ಬರೆಯುವ ಪದ್ಧತಿಯನ್ನು ಅನುಸರಿಸುವ ಪ್ರೋಗ್ರಾಂಗಳಿಗೆ ಮಾತ್ರ ಇದು ಹಿಡಿಯುತ್ತದೆ. ಬೇರೆ ರೀತಿಯಲ್ಲಿ ಬರೆಯುವಂಥವುಗಳಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಗುಂಡಿಗಳ ಮೇಲಿನ ಸಣ್ಣ ಚಿತ್ರಗಳು ಮೊದಲೇ ಚುಕ್ಕಿಗಳಲ್ಲಿ ಬರೆದಿಟ್ಟವಾದ್ದರಿಂದ ಅವು ಮಸುಕಾಗಿಯೇ ಇರುತ್ತವೆ. ಕೆಲವು ಪ್ರೋಗ್ರಾಂಗಳಲ್ಲಿ ಅಕ್ಷರ ತನ್ನ ಚೌಕದಿಂದ ಹೊರಚಾಚಿ ಕತ್ತರಿಸಿಹೋಗುವುದೂ ಉಂಟು. ಇಲ್ಲಿ ಕನ್ನಡದ ಸಾಲನ್ನು ವಿಶೇಷವಾಗಿ ಪರೀಕ್ಷಿಸಬೇಕು. ಇಂಗ್ಲಿಷಿಗೆಂದು ಅಳೆದ ಚೌಕದಲ್ಲಿ ಮೊದಲು ಕತ್ತರಿಸಿಹೋಗುವುದು ಕೆಳಗಿನ ಒತ್ತಕ್ಷರವೇ. ನಾವು 'ಬೆಟ್ಟೆ', 'ಶಿವಮೊಗ್ಗ', 'ಮಲ್ಲಿಕಾರ್ಜುನ' ಎಂಬ ಮೂರು ಮಾತುಗಳನ್ನು ಬರೆದು ಪರೀಕ್ಷೆ ಮಾಡಿದೆವು.

ಇನ್ನೊಂದು ಮಾತು. ಈ ಹೊಂದಾಣಿಕೆ ಯಾರ ಹೆಸರಿನಲ್ಲಿ ಯಂತ್ರ ತೆರೆದಿದೆಯೋ ಅವರಿಗೆ ಮಾತ್ರ ಅನ್ವಯಿಸುತ್ತದೆ. ನಮ್ಮ ಶಾಖೆಯಲ್ಲಿ ಬೆಳಗಿನ ಗುಮಾಸ್ತರಿಗೆ ಸರಿಯಾದದ್ದು ಮಧ್ಯಾಹ್ನ ಬಂದವರಿಗೆ ಮತ್ತೆ ಮಸುಕಾಗಿ ಕಂಡಿತು. ಅದೇ `Compatibility` ಪುಟದಲ್ಲಿ `Change settings for all users` ಎಂಬ ಗುಂಡಿಯ ಮೂಲಕ ಮಾಡಿದರೆ ಎಲ್ಲರಿಗೂ ಒಂದೇ ಆಗುತ್ತದೆ. ಅದಕ್ಕೆ ಯಂತ್ರದ ಮೇಲ್ವಿಚಾರಕರ ಗುಪ್ತಪದ ಬೇಕಾಗಬಹುದು.

ಶಿವಮೊಗ್ಗದಲ್ಲಿ ಕಂಡ ಎರಡನೇ ಪರದೆಯ ತೊಡಕು

ಭದ್ರಾವತಿಯ ಮದ್ದನ್ನು ಶಿವಮೊಗ್ಗದ ಕಚೇರಿಗೂ ತಂದೆವು. ಇಲ್ಲಿ ತೊಡಕು ಬೇರೆಯಿತ್ತು. ಇಲ್ಲಿ ಅದೇ ಬಗೆಯ ಲ್ಯಾಪ್‌ಟಾಪಿಗೆ ಇಪ್ಪತ್ತೊಂದೂವರೆ ಅಂಗುಲದ ಹೊರಪರದೆಯನ್ನು ತಂತಿಯಿಂದ ಜೋಡಿಸಿಕೊಂಡು ಕೆಲಸ ಮಾಡುತ್ತಾರೆ. ಅದರಲ್ಲಿ ಅಂಗುಲಕ್ಕೆ ನೂರರಷ್ಟೇ ಚುಕ್ಕಿ, ಗುಣಕ 100%. ಲ್ಯಾಪ್‌ಟಾಪಿನದು 200%. ಲ್ಯಾಪ್‌ಟಾಪಿನಲ್ಲಿ ತೆರೆದ ಪ್ರೋಗ್ರಾಮನ್ನು ಹೊರಪರದೆಗೆ ಎಳೆದ ಕೂಡಲೇ ಅದು ಮಸುಕಾಗುತ್ತಿತ್ತು.

ಗುಣಕವನ್ನು ಕೇಳಿ ತಿಳಿಯುವ ಪ್ರೋಗ್ರಾಂಗಳಲ್ಲೂ ಎರಡು ಬಗೆಯಿದೆ. ಕೆಲವು ಪರದೆ ಬದಲಾದಾಗಲೆಲ್ಲ ಕೇಳುತ್ತವೆ. ಕೆಲವು ಒಂದೇ ಸಲ ಕೇಳುತ್ತವೆ. ಅವಕ್ಕೆ ಸಿಗುವ ಉತ್ತರ, ನಾವು ಯಂತ್ರದ ಒಳಗೆ ಹೋದಾಗ ಮುಖ್ಯ ಪರದೆಗೆ ಇದ್ದ ಗುಣಕ. ಬೇರೆ ಗುಣಕದ ಪರದೆಗೆ ಅವುಗಳನ್ನು ಒಯ್ದರೆ ವಿಂಡೋಸ್ ಮತ್ತೆ ಚಿತ್ರವನ್ನು ಎಳೆಯಬೇಕು ಇಲ್ಲವೇ ಕುಗ್ಗಿಸಬೇಕು. ಮಸುಕು ತಪ್ಪದು.

ಪರಿಹಾರ ಹೀಗಿದೆ. `Display settings` ಪುಟದಲ್ಲಿ ಎರಡೂ ಪರದೆಗಳು 1, 2 ಎಂಬ ಚೌಕಗಳಾಗಿ ಕಾಣುತ್ತವೆ. ಕೆಲಸ ಮಾಡುವ ಪರದೆಯ ಚೌಕವನ್ನು ಒತ್ತಿ, ಕೆಳಗೆ `Make this my main display` ಎಂಬುದಕ್ಕೆ ಗುರುತು ಹಾಕಿ. ಆಮೇಲೆ `Sign out` ಮಾಡಿ ಮತ್ತೆ ಒಳಗೆ ಬನ್ನಿ. ಬೆಳಿಗ್ಗೆ ತಂತಿ ಜೋಡಿಸಿದ ನಂತರವೇ ಯಂತ್ರದ ಒಳಗೆ ಹೋಗುವ ಅಭ್ಯಾಸ ಮಾಡಿಕೊಂಡರೆ ಈ ತೊಡಕು ಬಹುಮಟ್ಟಿಗೆ ತಲೆಹಾಕುವುದಿಲ್ಲ. ಎರಡೂ ಪರದೆ ಬೇಡವಾದರೆ ವಿಂಡೋಸ್ ಕೀಲಿ ಮತ್ತು `P` ಒಟ್ಟಿಗೆ ಒತ್ತಿ `Second screen only` ಆರಿಸಬಹುದು.

ಮನೆಯಲ್ಲಿ ಓದುವವರಿಗೆ

ಪಹಣಿ ನೋಡುವುದು, ಬ್ಯಾಂಕಿನ ಪುಟ ತೆರೆಯುವುದು ಇವಿಷ್ಟೇ ಕೆಲಸವಾದರೆ ಮೇಲಿನ ಯಾವುದನ್ನೂ ಮುಟ್ಟಬೇಕಾಗಿಲ್ಲ. ಬ್ರೌಸರಿನಲ್ಲಿ `Ctrl` ಹಿಡಿದು `+` ಒತ್ತಿದರೆ ಆ ಪುಟ ಮಾತ್ರ ದೊಡ್ಡದಾಗುತ್ತದೆ, ಅಂಚೂ ಕೆಡುವುದಿಲ್ಲ. `Ctrl` ಮತ್ತು `0` ಒತ್ತಿದರೆ ಮೊದಲಿನಂತಾಗುತ್ತದೆ. ಒಂದು ಅಂಕಿಯನ್ನು ಕ್ಷಣಮಾತ್ರ ಭೂತಗನ್ನಡಿಯಲ್ಲಿ ನೋಡಿದಂತೆ ನೋಡಬೇಕಾದರೆ ವಿಂಡೋಸ್ ಕೀಲಿ ಮತ್ತು `+` ಒತ್ತಿ, ಮುಗಿದ ಮೇಲೆ ವಿಂಡೋಸ್ ಕೀಲಿ ಮತ್ತು `Esc` ಒತ್ತಿ.

`Settings` ಒಳಗಿನ `Accessibility` ಪುಟದಲ್ಲಿ `Text size` ಎಂಬ ಇನ್ನೊಂದು ಹೊಂದಾಣಿಕೆಯಿದೆ. ಅದು ಅಕ್ಷರವನ್ನು ಮಾತ್ರ 225%ವರೆಗೆ ಹಿಗ್ಗಿಸುತ್ತದೆ, ಚೌಕ ಮತ್ತು ಗುಂಡಿಗಳನ್ನಲ್ಲ. ವಿಂಡೋಸಿನ ಸ್ವಂತ ಪುಟಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಹಳೆಯ ಪ್ರೋಗ್ರಾಂಗಳ ಒಳಗಿನ ಅಕ್ಷರಕ್ಕೆ ಬಹುಪಾಲು ತಲುಪುವುದೇ ಇಲ್ಲ. ಆದ್ದರಿಂದ ಲೆಕ್ಕದ ಪ್ರೋಗ್ರಾಂ ಸಣ್ಣದಾಗಿದೆಯೆಂದು ಇದನ್ನು ಎಳೆದಾಡಿ ಫಲವಿಲ್ಲ.

ಆಂಡ್ರಾಯ್ಡ್ ಫೋನಿನಲ್ಲೂ ಇದೇ ಭೇದವಿದೆ. `Settings` ಒಳಗೆ `Display` ತೆರೆದರೆ ಅಕ್ಷರದ ಗಾತ್ರಕ್ಕೆ ಒಂದು, ಪರದೆಯ ಎಲ್ಲದರ ಗಾತ್ರಕ್ಕೆ ಇನ್ನೊಂದು ಹೊಂದಾಣಿಕೆ ಇರುತ್ತದೆ. ಅಕ್ಷರ ದೊಡ್ಡದು ಮಾಡಿದ ಮೇಲೆ ಯಾವುದಾದರೂ ಆ್ಯಪಿನಲ್ಲಿ ಗುಂಡಿ ಕಾಣೆಯಾದರೆ ಒಂದು ಮೆಟ್ಟಿಲು ಹಿಂದೆ ಬನ್ನಿ. ಕಾರಣ ಭದ್ರಾವತಿಯ `Save` ಗುಂಡಿಯದ್ದೇ.

ಶಾಖೆಯಲ್ಲಿ ಈಗ ನಡೆಯುತ್ತಿರುವುದು

ಭದ್ರಾವತಿಯ ಯಂತ್ರದ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ: ಚುಕ್ಕಿಗಳ ಸಂಖ್ಯೆ 2880 ಮತ್ತು 1800, ಗುಣಕ 200%, ಆವಕದ ಪ್ರೋಗ್ರಾಮಿಗೆ `System (Enhanced)`. ವಿಂಡೋಸಿನ ಅಥವಾ ಪ್ರೋಗ್ರಾಮಿನ ಹೊಸ ಆವೃತ್ತಿ ಹಾಕಿದ ಮೇಲೆ ಅಕ್ಷರ ಬದಲಾಗಿ ಕಂಡರೆ ಈ ಮೂರನ್ನೂ ಚೀಟಿಯೊಡನೆ ತಾಳೆ ನೋಡುತ್ತಾರೆ.

ಅದರ ಜೊತೆಗೆ, ಪಾವತಿ ಪಟ್ಟಿ ಮುಗಿದ ಕೂಡಲೇ ತೂಕವನ್ನು ಚೀಲದ ಸಂಖ್ಯೆಯಿಂದ ಭಾಗಿಸಿ ನೋಡುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಚೀಲಕ್ಕೆ 60 ಕಿಲೋಗಿಂತ ಕಡಿಮೆ ಬಂದರೆ ತೂಕದ ಚೀಟಿ ತೆಗೆದು ನೋಡದೆ ಪಟ್ಟಿಗೆ ರುಜು ಬೀಳುವುದಿಲ್ಲ. ಪರದೆ ಎಷ್ಟೇ ಸ್ಪಷ್ಟವಾಗಿದ್ದರೂ ಕಣ್ಣು ತಪ್ಪುವುದುಂಟು. ಸದಸ್ಯರು ತಮ್ಮ ತೂಕದ ಚೀಟಿಯನ್ನು ಹಣ ಖಾತೆಗೆ ಬರುವವರೆಗೂ ಜೋಪಾನವಾಗಿಟ್ಟುಕೊಂಡು, ಪಟ್ಟಿಯೊಡನೆ ತಾಳೆ ನೋಡಬೇಕೆಂದು ಕೋರುತ್ತೇವೆ. ಹೊಳೆಹೊನ್ನೂರಿನ ಹಿರಿಯರು ಹಾಗೆ ಮಾಡಿದ್ದರಿಂದಲೇ ಈ ಲೇಖನ ಬರೆಯುವ ಸಂದರ್ಭ ಒದಗಿತು.

— ಕಾರ್ಯದರ್ಶಿ